ಪ್ರೊಫೈಲ್ ಹಾಕಿದ ಮೇಲೂ ಮೂಲೆ ಮಸುಕಾಗೇ ಉಳಿದರೆ

ಪ್ರಶ್ನೆ: ಹಂಪಿಯಲ್ಲಿ 18-55 ಕಿಟ್ ಲೆನ್ಸಿನಿಂದ ಫೋಟೋ ತೆಗೆದೆ. ಡಾರ್ಕ್‌ಟೇಬಲ್ ತಂತ್ರಾಂಶದಲ್ಲಿ ಲೆನ್ಸ್ ಪ್ರೊಫೈಲ್ ಹಾಕಿದ್ದಕ್ಕೆ ಬಾಗಿದ ಗೆರೆ ನೆಟ್ಟಗಾಯ್ತು. ಆದರೆ ನೇರಳೆ ಅಂಚು ಅರ್ಧಂಬರ್ಧ ಉಳಿದಿದೆ, ಮೂಲೆಗಳು ಮೊದಲಿಗಿಂತ ಮಸುಕಾದ ಹಾಗಿದೆ. ನಾನೇನು ತಪ್ಪು ಮಾಡಿದೆ?

ತಪ್ಪೇನೂ ಮಾಡಿಲ್ಲ. ಮೂಲೆ ಮೊದಲಿಗಿಂತ ಮಸುಕಾದಂತೆ ಕಂಡದ್ದೂ ನಿಮ್ಮ ಭ್ರಮೆಯಲ್ಲ. ನನ್ನ ಹತ್ತಿರವೂ ಅಂಥದ್ದೇ ಲೆನ್ಸ್ ಇದೆ, ಅದರಲ್ಲಿ ಗಜಶಾಲೆಯನ್ನು 18 ಎಂಎಂ, f/4ರಲ್ಲಿ ತೆಗೆದಿದ್ದೆ. ಆ ಚಿತ್ರವನ್ನೇ ಇಟ್ಟುಕೊಂಡು ಹೇಳುತ್ತೇನೆ.

ಸಾಲಾಗಿ ಗುಮ್ಮಟಗಳಿರುವ, ಹನ್ನೊಂದು ಕೋಣೆಗಳ ಉದ್ದನೆಯ ಕಟ್ಟಡ ಅದು. ಅದರ ಬುಡದ ಗೆರೆ ನನ್ನ ಚಿತ್ರದ ಕೆಳ ಅಂಚಿನ ಹತ್ತಿರ ಬಂದಿತ್ತು. 6000 ಪಿಕ್ಸೆಲ್ ಅಗಲದ ಚಿತ್ರದಲ್ಲಿ ಗೆರೆಯ ಎರಡೂ ತುದಿ ನಡುಭಾಗಕ್ಕಿಂತ ಸುಮಾರು 60 ಪಿಕ್ಸೆಲ್ ಮೇಲಕ್ಕೆ ಎದ್ದಿದ್ದವು. 18 ಎಂಎಂನಂಥ ಅಗಲ ನೋಟದ ತುದಿಯಲ್ಲಿ ಜೂಮ್ ಲೆನ್ಸುಗಳು ಸಾಮಾನ್ಯವಾಗಿ ಮಾಡುವುದೇ ಇದು, ಮೂಲೆಗಳನ್ನು ಒಳಕ್ಕೆ ಎಳೆಯುತ್ತವೆ. ಯಾವ ಫೋಕಲ್ ಲೆಂಗ್ತ್‌ನಲ್ಲಿ, ನಡುವಿನಿಂದ ಎಷ್ಟು ದೂರದಲ್ಲಿ, ಎಷ್ಟು ಎಳೆತ ಎಂದು ಯಾರೋ ಅಳೆದು ಬರೆದಿಟ್ಟ ಕೋಷ್ಟಕವೇ ಪ್ರೊಫೈಲ್. ತಂತ್ರಾಂಶ ಮಾಡುವುದು ಅದರ ತಿರುವುಮುರುವು: ಮೂಲೆಗಳನ್ನು ಹೊರಕ್ಕೆ ಹಿಗ್ಗಿಸುತ್ತದೆ. ಹಿಗ್ಗಿಸಿದಾಗ ಗೆರೆ ನೆಟ್ಟಗಾಗುತ್ತದೆ, ಆದರೆ ಅಲ್ಲಿ ಇದ್ದ ವಿವರ ಅಷ್ಟೇ. ಅದೇ ವಿವರ ಹೆಚ್ಚು ಜಾಗಕ್ಕೆ ಹರಡಿಕೊಳ್ಳುತ್ತದೆ. ಮೊದಲೇ ಮಸುಕಾಗಿದ್ದ ಮೂಲೆ ಇನ್ನಷ್ಟು ಮಸುಕಾಗುವುದು ಹೀಗೆ. ಜತೆಗೆ ಅದೇ ಪ್ರೊಫೈಲ್ ಕತ್ತಲು ಕವಿದ ಮೂಲೆಯನ್ನು ಬೆಳಗಿಸುವುದರಿಂದ ಅಲ್ಲಿನ ನಾಯ್ಸ್ ಕೂಡ ಮೇಲೆ ಬರುತ್ತದೆ.

ಇನ್ನು ಬಣ್ಣದ ಅಂಚು. ಇದು ಎರಡು ಬೇರೆ ಬೇರೆ ದೋಷ, ಪ್ರೊಫೈಲಿಗೆ ಗೊತ್ತಿರುವುದು ಒಂದೇ. ಲೆನ್ಸು ಕೆಂಪು, ನೀಲಿ, ಹಸಿರು ಚಿತ್ರಗಳನ್ನು ಕೂದಲೆಳೆಯಷ್ಟು ಬೇರೆ ಬೇರೆ ಗಾತ್ರದಲ್ಲಿ ಮೂಡಿಸಿದರೆ ಮೂಲೆಯ ವಸ್ತುವಿನ ಹೊರಬದಿಗೆ ಒಂದು ಬಣ್ಣ, ಒಳಬದಿಗೆ ಅದಕ್ಕೆ ವಿರುದ್ಧದ ಬಣ್ಣ ಕಾಣುತ್ತದೆ. ಚಿತ್ರದ ನಡುವೆ ಇದು ಇರುವುದಿಲ್ಲ. ಕೆಂಪು ಚಿತ್ರ 1.0005 ಪಟ್ಟು ದೊಡ್ಡದಿದ್ದರೂ ಸಾಕು, 6000×4000 ಚಿತ್ರದ ಮೂಲೆಯಲ್ಲಿ ಅದು ಸುಮಾರು 1.8 ಪಿಕ್ಸೆಲ್ ಆಚೆ ಸರಿಯುತ್ತದೆ. ಪ್ರೊಫೈಲ್ ಅದನ್ನು ಅಷ್ಟೇ ಕುಗ್ಗಿಸಿ ಕೂರಿಸುತ್ತದೆ. ಸ್ವಲ್ಪ ಉಳಿದರೆ `lens correction` ಒಳಗೆ `TCA overwrite` ಆರಿಸಿ, 200% ಜೂಮ್ ಮಾಡಿ, ಮೂಲೆಯ ಒಂದು ಕಪ್ಪು-ಬಿಳಿ ಅಂಚು ನೋಡುತ್ತಾ ಕೆಂಪು, ನೀಲಿ ಸ್ಲೈಡರುಗಳನ್ನು ಕೂದಲಷ್ಟು ಸರಿಸಿ.

ನಿಮ್ಮ ಚಿತ್ರದಲ್ಲಿ ಉಳಿದಿರುವ ನೇರಳೆ ಅಂಚು ವಸ್ತುವಿನ ಸುತ್ತಲೂ ಒಂದೇ ಬಣ್ಣವಾಗಿ, ಚಿತ್ರದ ನಡುವೆಯೂ ಕಾಣುತ್ತಿದ್ದರೆ ಅದು ಎರಡನೆಯದು. ಎಲ್ಲ ಬಣ್ಣಗಳೂ ಒಂದೇ ದೂರದಲ್ಲಿ ಫೋಕಸ್ ಆಗದೆ ಬರುವಂಥದ್ದು. ಗಾತ್ರ ಬದಲಿಸಿ ಇದನ್ನು ಹೋಗಲಾಡಿಸಲಾಗದು, ಆದ್ದರಿಂದ ಪ್ರೊಫೈಲ್ ಇದರ ತಂಟೆಗೆ ಹೋಗುವುದಿಲ್ಲ. ಡಾರ್ಕ್‌ಟೇಬಲ್‌ನಲ್ಲಿ `chromatic aberrations` ಮಾಡ್ಯೂಲ್ ಇದಕ್ಕಾಗಿಯೇ ಇದೆ. ನನ್ನ ಚಿತ್ರದಲ್ಲಿ ಬಿಳಿ ಆಕಾಶಕ್ಕೆ ತಾಗಿದ ಗುಮ್ಮಟದ ಅಂಚಿನ ನೇರಳೆ ಹೋದದ್ದು ಅದರಿಂದಲೇ. ಮಾಸ್ಕ್ ಎಳೆದು ಆ ಅಂಚಿಗಷ್ಟೇ ಹಾಕಿ, ಇಲ್ಲದಿದ್ದರೆ ನಿಜವಾಗಿ ನೇರಳೆಯಾಗಿರುವ ಹೂವು, ಬಟ್ಟೆಯ ಬಣ್ಣವೂ ಕಳೆಗುಂದಬಹುದು.

ಮೂಲೆಗೆ ನಾನು ಮಾಡಿದ್ದು ಇಷ್ಟು: `diffuse or sharpen` ಮಾಡ್ಯೂಲ್‌ನ ಲೆನ್ಸ್ ಮಸುಕು ತೆಗೆಯುವ ಪ್ರೀಸೆಟ್ ಹಾಕಿ, ನಡುವೆ ದೊಡ್ಡ ಅಂಡಾಕಾರದ ಮಾಸ್ಕ್ ಎಳೆದು ಅದನ್ನು ಉಲ್ಟಾ ಮಾಡಿದೆ. ಹರಿತ ಸಿಕ್ಕಿದ್ದು ಮೂಲೆಗಳಿಗಷ್ಟೇ. ಸುಧಾರಣೆ ಕಾಣುತ್ತದೆ, ಕಳೆದುಹೋದ ವಿವರ ಮಾತ್ರ ವಾಪಸ್ ಬರುವುದಿಲ್ಲ. ಮುಂದಿನ ಸಲ f/8ರಲ್ಲಿ ತೆಗೆಯಿರಿ. ಮೂಲೆಯೂ ನೇರಳೆಯೂ ಅಲ್ಲೇ ಬಹುಪಾಲು ಸರಿಹೋಗುತ್ತವೆ. f/16ಕ್ಕೆ ಹೋಗಬೇಡಿ, ಅಲ್ಲಿ ಡಿಫ್ರಾಕ್ಷನ್‌ನಿಂದ ಇಡೀ ಚಿತ್ರವೇ ಮೆತ್ತಗಾಗುತ್ತದೆ.

ನಾಲ್ಕು ಮೂಲೆಯೂ ಒಂದೇ ರೀತಿ ಮಸುಕಾಗಿವೆಯೇ ಎಂದು ನೋಡಿದ್ದೀರಾ? ನನ್ನದರಲ್ಲಿ ಎಡ ಕೆಳಮೂಲೆ ಮಾತ್ರ ಹೆಚ್ಚು ಮಸುಕು. ಇಟ್ಟಿಗೆ ಗೋಡೆಗೆ ಕ್ಯಾಮೆರಾ ನೇರವಾಗಿ ನಿಲ್ಲಿಸಿ ಒಂದು, ತಲೆಕೆಳಗು ಮಾಡಿ ಒಂದು ಫೋಟೋ ತೆಗೆದೆ. ಎರಡನೆಯದನ್ನು ತಿರುಗಿಸದೆ ನೋಡಿದರೂ ಮಸುಕು ಅದೇ ಎಡ ಕೆಳಮೂಲೆಯಲ್ಲಿತ್ತು. ಅಂದರೆ ತಪ್ಪು ಗೋಡೆಯದಲ್ಲ, ಒಳಗಿನ ಗಾಜೊಂದು ಓರೆಯಾಗಿದೆ. ಪ್ರೊಫೈಲ್ ನಡುವಿನಿಂದ ಸುತ್ತಲೂ ಸಮ ಎಂದುಕೊಂಡೇ ಲೆಕ್ಕ ಹಾಕುವುದರಿಂದ ಇದನ್ನು ತಿದ್ದಲಾರದು. ಇಂಥದ್ದು ಕಂಡರೆ ವಾರಂಟಿ ಇರುವಾಗಲೇ ಲೆನ್ಸ್ ಬದಲಿಸಿಕೊಳ್ಳಿ.

ಇನ್ನೊಂದು, ಇದನ್ನೆಲ್ಲ ರಾ ಫೈಲಿನ ಮೇಲೇ ಮಾಡಿ. ಎಷ್ಟೋ ಕ್ಯಾಮೆರಾಗಳು ಜೆಪೆಗ್ ಬರೆಯುವಾಗಲೇ ತಿದ್ದಿರುತ್ತವೆ. ಅದರ ಮೇಲೆ ಮತ್ತೆ ಪ್ರೊಫೈಲ್ ಹಾಕಿದರೆ ಕಟ್ಟಡದ ಬುಡದ ಗೆರೆ ಈ ಸಲ ಉಲ್ಟಾ ಬಾಗಿ, ತುದಿಗಳು ಕೆಳಕ್ಕೆ ಇಳಿಯುತ್ತವೆ.