ಮೊಟ್ಟೆ ಪಲಾವ್ ಮುದ್ದೆ ಆಗದಿರಲು

"ದಾವಣಗೆರೆ ಸೋನಾ ಮಸೂರಿಯಲ್ಲಿ ಮೊಟ್ಟೆ ಪಲಾವ್ ಮಾಡ್ತೀನಿ, ಒಂದೇ ಪಾತ್ರೆ. ಅನ್ನ ಮುದ್ದೆ, ಮೊಟ್ಟೆ ಪುಡಿ. ಯಾವಾಗ ಹಾಕಬೇಕು?"

ನೀರು ಜಾಸ್ತಿಯಾಗಿದೆ, ಮೊಟ್ಟೆ ಬೇಗ ಹಾಕಿ ಕೈಯಾಡಿಸಿದ್ದೀರಿ ಅನ್ಸುತ್ತೆ. ಅಕ್ಕಿ ಹಳೆಯದೋ ಹೊಸದೋ ನೀವು ಹೇಳಿಲ್ಲ. ಇಪ್ಪತ್ತು ನಿಮಿಷ ನೆನೆಸಿ ಬಸಿದ ಹಳೆ ಅಕ್ಕಿಯಾದ್ರೆ ಒಂದು ಲೋಟಕ್ಕೆ ಒಂದೂಮುಕ್ಕಾಲು ಲೋಟ ನೀರು, ಹೊಸದಾದ್ರೆ ಒಂದೂವರೆ ಸಾಕು.

ಮೊದಲು ಬೇಯಿಸಿದ ಮೊಟ್ಟೆಗೆ ಅಲ್ಲಲ್ಲಿ ಸೀಳು ಹಾಕಿ, ಅರಿಶಿನ, ಖಾರದಪುಡಿ ಜೊತೆ ಎಣ್ಣೆಯಲ್ಲಿ ಬಾಡಿಸಿ ತೆಗೆದಿಡಿ. ಅದೇ ಪಾತ್ರೆಯಲ್ಲಿ ಒಗ್ಗರಣೆ, ಈರುಳ್ಳಿ, ಮಸಾಲೆ. ಟೊಮೇಟೊ ನೀರು ಪೂರ್ತಿ ಇಂಗಿ ಎಣ್ಣೆ ಬಿಡಬೇಕು. ಅಕ್ಕಿ ಹಾಕಿ ಹಗುರವಾಗಿ ಹುರಿದು, ಉಪ್ಪು, ಬಿಸಿನೀರು ಹಾಕಿ.

ನೀರು ಅಕ್ಕಿ ಮಟ್ಟಕ್ಕಿಳಿದು ಮೇಲೆ ಸಣ್ಣ ತೂತು ಕಂಡಾಗ ಮೊಟ್ಟೆ ಅರ್ಧ ಹುದುಗಿಸಿ. ಮುಚ್ಚಿ, ಸಣ್ಣ ಉರಿಯಲ್ಲಿ ಹತ್ತು ನಿಮಿಷ. ಒಲೆ ಆರಿಸಿ ಇನ್ನೂ ಹತ್ತು ನಿಮಿಷ ಮುಚ್ಚಳ ತೆಗೀಬೇಡಿ. ಆಮೇಲೆ ಮೊಟ್ಟೆ ಎತ್ತಿಟ್ಟು, ಅನ್ನವನ್ನು ಅಂಚಿನಿಂದ ಬಿಡಿಸಿ.