ಗೀಟು ಹೊಡೆದ ಬೆಲೆ ಮತ್ತು ಇಳಕಲ್ ಸೀರೆ

"ಬಾಗಲಕೋಟೆಯ ಒಂದು ಅಂಗಡಿಯಲ್ಲಿ ಇಳಕಲ್ ಸೀರೆಗೆ 4,000 ಅಂತ ಬರೆದು, ಗೀಟು ಹೊಡೆದು 2,400 ಹಾಕಿದ್ದರು. ಪಕ್ಕದಂಗಡಿಯಲ್ಲಿ ಅಂಥದ್ದೇ ಸೀರೆ ಸೀದಾ 2,300. ಆದರೂ ಮೊದಲನೆಯದೇ ಅಗ್ಗ ಅನಿಸಿತು, ಯಾಕೆ?"

ನೋಡ್ರಿ, ವರ್ಷಕ್ಕೊಮ್ಮೆ ಸೀರೆ ಕೊಳ್ಳುವವರಿಗೆ ಅದರ ಸರಿಯಾದ ಬೆಲೆ ಗೊತ್ತಿರುವುದಿಲ್ಲ. ಹಾಗಾಗಿ ಕಣ್ಣಿಗೆ ಬಿದ್ದ ಮೊದಲ ಅಂಕಿಯಿಂದಲೇ ಲೆಕ್ಕ ಶುರುವಾಗುತ್ತದೆ. 4,000 ಜಾಸ್ತಿ ಅನಿಸಿದರೂ ಮನಸ್ಸು ಅಲ್ಲಿಂದ ಸ್ವಲ್ಪವೇ ಕೆಳಗಿಳಿದು, "ಮೂರು ಸಾವಿರದ ಮಾಲು ಇರಬಹುದು" ಅಂತ ನಿಂತುಬಿಡುತ್ತದೆ.

ಮನಶ್ಶಾಸ್ತ್ರಜ್ಞರಾದ ಟ್ವೆರ್ಸ್ಕಿ ಮತ್ತು ಕಾನೆಮನ್ 1974ರಲ್ಲಿ ಇದನ್ನೇ ತೋರಿಸಿದರು. ಜನರ ಮುಂದೆ ಅಂಕಿಗಳಿದ್ದ ಚಕ್ರ ತಿರುಗಿಸಿ, ವಿಶ್ವಸಂಸ್ಥೆಯಲ್ಲಿ ಆಫ್ರಿಕಾದ ದೇಶಗಳು ಶೇಕಡಾ ಎಷ್ಟು ಎಂದು ಕೇಳಿದರು. ಚಕ್ರದಲ್ಲಿ 10 ಬಂದವರ ಅಂದಾಜು 25ರ ಹತ್ತಿರ, 65 ಬಂದವರದು 45ರ ಹತ್ತಿರ. ಚಕ್ರಕ್ಕೂ ಉತ್ತರಕ್ಕೂ ಸಂಬಂಧವೇ ಇಲ್ಲ, ಅಲ್ವಾ?

ಇದರ ಮೇಲೆ ಇನ್ನೊಂದು ಸೇರುತ್ತದೆ. ಸೀರೆ ಸಿಕ್ಕ ಖುಷಿ ಬೇರೆ, "1,600 ಉಳಿಸಿದೆ" ಅನ್ನುವ ಖುಷಿ ಬೇರೆ. ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ ಇವೆರಡನ್ನೂ ಬಿಡಿಸಿ ಹೇಳಿದ್ದಾರೆ. ಪಕ್ಕದಂಗಡಿಯವರು ಎರಡನೆಯದನ್ನು ಕೊಡಲಿಲ್ಲ, ಅಷ್ಟೇ. ನಿಜವಾಗಿ ನೂರು ರೂಪಾಯಿ ಉಳಿಯುತ್ತಿದ್ದದ್ದು ಅವರಲ್ಲೇ.

ಬೆಲೆ ಚೆನ್ನಾಗಿ ಗೊತ್ತಿರುವ ಮಾಲಿನಲ್ಲಿ ಇದು ಅಷ್ಟು ನಡೆಯುವುದಿಲ್ಲ. ದಿನಾ ಕೊಳ್ಳುವ ಉಳ್ಳಾಗಡ್ಡಿಗೆ 100 ಬರೆದು ಗೀಟು ಹೊಡೆದರೆ ಯಾರು ನಂಬುತ್ತಾರೆ?

ಮುಂದಿನ ಸಲ ಚೀಟಿ ನೋಡುವ ಮೊದಲು ಸೀರೆ ನೋಡಿ. ಕೈಮಗ್ಗದ್ದೋ ಪವರ್‌ಲೂಮಿನದೋ, ಸೆರಗು ರೇಷ್ಮೆಯೋ ಅಲ್ಲವೋ, ಒಡಲಿಗೆ ಸೆರಗನ್ನು ಕೊಂಡಿ ಹಾಕಿ ಜೋಡಿಸಿದ್ದಾರೋ ಕೇಳಿ. ನಿಮ್ಮದೇ ಬೆಲೆ ಗಟ್ಟಿಮಾಡಿಕೊಂಡು, ಆಮೇಲೆ ಚೀಟಿ ತಿರುಗಿಸಿ.