ನೇರ ಸ್ಟ್ರ್ಯಾಂಡ್ ಇರುವ ಬೀಮಿನ ತುದಿಯಲ್ಲಿ ಬಿರುಕು

ಪ್ರಶ್ನೆ: ಚಾಕಣದ ಯಾರ್ಡ್‌ನಲ್ಲಿ 10 ಮೀಟರ್ ಸ್ಪ್ಯಾನಿನ 300×600 ಪ್ರಿಟೆನ್ಷನ್ ಬೀಮ್ ಮಾಡ್ತಿದ್ದೇವೆ. 8 ನೇರ ಸ್ಟ್ರ್ಯಾಂಡ್, ಒಟ್ಟು 900 ಕಿಲೋನ್ಯೂಟನ್, e 180 ಮಿ.ಮೀ. ಮಧ್ಯದಲ್ಲಿ ಎಲ್ಲ ಸ್ಟ್ರೆಸ್ ಸರಿ ಇದೆ, ಆದ್ರೂ ಸ್ಟ್ರ್ಯಾಂಡ್ ಕಟ್ ಮಾಡಿದ ಕೂಡಲೇ ತುದಿ ಹತ್ತಿರ ಮೇಲ್ಗಡೆ ಬಿರುಕು. ಗ್ರೇಡ್ ಹೆಚ್ಚಿಸ್ಬೇಕಾ?

ಬೇಡ. ಗ್ರೇಡ್ ಇದಕ್ಕೆ ಮದ್ದಲ್ಲ. ಪುಣೆ ಸುತ್ತಮುತ್ತಲ ಯಾರ್ಡ್‌ಗಳ ಲೆಕ್ಕ ನೋಡುವಾಗ ನನಗೆ ಮತ್ತೆ ಮತ್ತೆ ಎದುರಾಗುವ ತಪ್ಪು ಇದೇ: ಟ್ರಾನ್ಸ್‌ಫರ್ ಹಂತವನ್ನು ಮಧ್ಯದಲ್ಲಿ ಮಾತ್ರ ನೋಡುವುದು.

ನಿಮ್ಮ ಅಂಕಿಗಳನ್ನೇ ಹಿಡಿಯೋಣ. P/A 5 ಎಂಪಿಎ, Pe/Z 9 ಎಂಪಿಎ. ಅಂದರೆ ಪ್ರಿಸ್ಟ್ರೆಸ್ ಒಂದೇ ಇದ್ದಾಗ ಮೇಲೆ 4 ಎಂಪಿಎ ಎಳೆತ, ಕೆಳಗೆ 14 ಒತ್ತಡ. ಮಧ್ಯದಲ್ಲಿ ಬೀಮಿನ ಸ್ವಂತ ತೂಕದ ಮೊಮೆಂಟ್ 56 ಕಿಲೋನ್ಯೂಟನ್ ಮೀಟರ್. ಅದು 3.1 ಎಂಪಿಎ ಮರಳಿಸುವುದರಿಂದ ಮೇಲಿನ ಎಳೆತ 0.9ಕ್ಕೆ ಇಳಿಯುತ್ತದೆ. ತುದಿಯತ್ತ ಹೋದ ಹಾಗೆ ಈ ಮೊಮೆಂಟ್ ಕರಗುತ್ತದೆ, ಆದರೆ ನೇರ ಸ್ಟ್ರ್ಯಾಂಡಿನ e ಅಲ್ಲೂ 180 ಆಗಿಯೇ ಉಳಿಯುತ್ತದೆ. ಕೊಟ್ಟ ಬಲಕ್ಕೆ ಎದುರು ನಿಲ್ಲುವವರು ಅಲ್ಲಿ ಯಾರೂ ಇಲ್ಲ.

ಹಾಗೆಂದು ಕಟ್ಟಕಡೆಯ ಮುಖದಲ್ಲೇ 4 ಎಂಪಿಎ ಬರುವುದಿಲ್ಲ. ಕಾಂಕ್ರೀಟಿನ ಹಿಡಿತದಿಂದ ಬಲ ಪೂರ್ತಿ ಸೇರಲು 12.7 ಮಿ.ಮೀ. ಸ್ಟ್ರ್ಯಾಂಡಿಗೆ ಸುಮಾರು 50 ವ್ಯಾಸ, ಅಂದರೆ 635 ಮಿ.ಮೀ. ಬೇಕು. ಅಲ್ಲಿ ಸ್ವಂತ ತೂಕ ಕೊಡುವುದು 0.74 ಮಾತ್ರ, ಉಳಿಯುವ ಎಳೆತ 3.26. ಐಎಸ್ 1343ರ ಟೈಪ್ 2 ಬೀಮಿಗೆ ಮಿತಿ 3. ನಿಮ್ಮ ಬಿರುಕು ಈ ಜಾಗದ ಆಸುಪಾಸಿನಲ್ಲಿ, ಬೀಮಿಗೆ ಅಡ್ಡವಾಗಿ, ಮೇಲಿನಿಂದ ಕೆಳಕ್ಕೆ ಇಳಿದಿದ್ದರೆ ಕಾರಣ ಇದೇ.

e ಕಡಿಮೆ ಮಾಡುವ ಆಸೆ ಬರುತ್ತದೆ. 150 ಮಾಡಿದರೆ ತುದಿ ಬಚಾವ್. ಆದರೆ ಬಳಕೆಯ ಹಂತದಲ್ಲಿ, 20% ನಷ್ಟ ಹಿಡಿದು, ಒಟ್ಟು ಭಾರ ಮೀಟರಿಗೆ 19.5 ಕಿಲೋನ್ಯೂಟನ್ ಎಂದಿಟ್ಟರೆ, ಮಧ್ಯದ ಕೆಳಭಾಗದಲ್ಲಿ ಒತ್ತಡ 10, ಭಾರದಿಂದ ಎಳೆತ 13.5. ಉಳಿಯುವ ಎಳೆತ 3.5, ಅಲ್ಲಿ ಫೇಲ್. 180ರಲ್ಲಿ ಅದು 2.3, ಪಾಸ್. ಹಾಗಾಗಿ e ಮುಟ್ಟಬೇಡಿ.

ಎರಡೂ ತುದಿಯಲ್ಲಿ, ಎಡಬಲ ಸಮನಾಗಿ 2 ಸ್ಟ್ರ್ಯಾಂಡಿಗೆ 1 ಮೀಟರ್ ಪ್ಲಾಸ್ಟಿಕ್ ಕೊಳವೆ ತೊಡಿಸಿ, ಒಳಗೆ ಸಿಮೆಂಟ್ ಹಾಲು ನುಗ್ಗದಂತೆ ಬಾಯಿಗೆ ಟೇಪ್ ಸುತ್ತಿ. 635 ಮಿ.ಮೀ.ನಲ್ಲಿ ಎಳೆತ 2.26ಕ್ಕೆ ಇಳಿಯುತ್ತದೆ. ಕೊಳವೆ ಮುಗಿದ ಮೇಲೆ ಬಲ ಪೂರ್ತಿಯಾಗುವ 1.6 ಮೀಟರಿನಲ್ಲೂ ಅದು ಸುಮಾರು 2.3.

ಎತ್ತುವ ಕೊಕ್ಕೆ ಎಲ್ಲಿದೆ ಎಂದು ನೀವು ಹೇಳಿಲ್ಲ. ತುದಿಯಿಂದ 2 ಮೀಟರ್ ದೂರದಲ್ಲಿದ್ದರೆ ಕೊಕ್ಕೆಯ ಮೇಲೆ ಎಳೆತ 4.5, ಮಧ್ಯದಲ್ಲೇ 3.4 ಆಗುತ್ತದೆ, ಕೊಳವೆ ಅಲ್ಲಿ ನೆರವಿಗೆ ಬರುವುದಿಲ್ಲ. ಕೊಕ್ಕೆಯನ್ನೂ ಯಾರ್ಡ್‌ನಲ್ಲಿ ಇಡುವ ಮರದ ದಿಮ್ಮಿಯನ್ನೂ ತುದಿಯ ಹತ್ತಿರಕ್ಕೆ ತನ್ನಿ, ಆ ಸ್ಥಿತಿಗೆ ಬೇರೆಯೇ ಲೆಕ್ಕ ಮಾಡಿ.